ಒಸೈರಿಸ್ ಸಾಯುವುದು ಚಳಿಗಲ್ಲ

ವರ್ಷವರ್ಷವೂ ಸತ್ತು ಮರಳುವ ದೇವರುಗಳ ಬಗ್ಗೆ ವಿದ್ಯಾರ್ಥಿಗಳು ಬರೆದು ತರುವ ಪ್ರಬಂಧಗಳಲ್ಲಿ ಒಂದು ಮಾತು ತಪ್ಪುವುದೇ ಇಲ್ಲ: ‘ದೇವರು ಚಳಿಗಾಲದಲ್ಲಿ ಸಾಯುತ್ತಾನೆ, ವಸಂತದಲ್ಲಿ ಎದ್ದು ಬರುತ್ತಾನೆ.’ ಕೊಡಗಿನಲ್ಲಿ ಹುಟ್ಟಿ ಬೆಳೆದ ಮಕ್ಕಳು ಇದನ್ನು ಹೇಗೆ ಬರೆಯುತ್ತಾರೋ! ನಮ್ಮಲ್ಲಿ ಚಳಿ ಹಿಡಿಯುವ ಹೊತ್ತಿಗೆ ಪುತ್ತರಿ, ಗದ್ದೆಯಿಂದ ಕದಿರು ಮನೆಗೆ ಬರುವ ಕಾಲ. ಕಷ್ಟದ ತಿಂಗಳೆಂದರೆ ಮಳೆ ಬಿಡದ ಕಕ್ಕಡ. ಹಿಮ ಬೀಳುವ ಯುರೋಪಿನ ಲೆಕ್ಕ ನಮ್ಮೂರಿಗೇ ಹೊಂದುವುದಿಲ್ಲ. ಅದನ್ನು ಪ್ರಾಚೀನ ಈಜಿಪ್ಟಿನ ಸಾಯುವ ದೇವರು ಒಸೈರಿಸನಿಗೆ ಹಚ್ಚುವುದೇಕೆ?

ಈಜಿಪ್ಟಿನ ರೈತ ಕಾಯುತ್ತಿದ್ದದ್ದು ನೈಲ್ ನದಿಯ ನೆರೆಯನ್ನು. ಬೇಸಿಗೆಯಲ್ಲಿ ನೀರು ಏರಿ ಹೊಲಗಳನ್ನು ಮುಳುಗಿಸುತ್ತಿತ್ತು. ಅಕ್ಟೋಬರ್–ನವೆಂಬರ್ ಹೊತ್ತಿಗೆ ಇಳಿದು, ಕಪ್ಪು ಮೆಕ್ಕಲು ಮಣ್ಣು ಹೊರಬಿದ್ದಾಗ ಬಿತ್ತನೆ. ಕೊಯ್ಲು ಮಾರ್ಚ್–ಏಪ್ರಿಲ್‌ನಲ್ಲಿ. ಅಂದರೆ ನಾವು ವಸಂತ ಎನ್ನುವ ಕಾಲದಲ್ಲಿ ಅಲ್ಲಿ ಕುಡುಗೋಲು ಆಡುತ್ತಿತ್ತು. ಅವರ ವರ್ಷಕ್ಕೆ ನೆರೆ, ನೆಲ ಕಾಣುವ ಕಾಲ, ಕೊಯ್ಲು ಎಂದು ನಾಲ್ಕು ನಾಲ್ಕು ತಿಂಗಳ ಮೂರು ಋತುಗಳು. ಒಸೈರಿಸನ ದೊಡ್ಡ ಆಚರಣೆ ನಡೆಯುವ ಖೋಯಾಕ್ ತಿಂಗಳು ನೆರೆಯ ಋತುವಿನ ಕೊನೆಯದು. ದೇವರನ್ನು ಹೂಳುವ ದಿನ ಆ ತಿಂಗಳ 30. ಮರುದಿನದಿಂದಲೇ ನೆಲ ಕಾಣುವ ಋತು. ಸಾವಿನ ಜಾಗದಲ್ಲಿ ಇರುವುದು ಬೀಜ ಮಣ್ಣಿಗೆ ಹೋಗುವ ಗಳಿಗೆ. ಎಲೆ ಉದುರುವುದಕ್ಕೂ ಚಳಿಗೂ ಇಲ್ಲಿ ಕೆಲಸವಿಲ್ಲ.

ಆಚರಣೆಯ ಕ್ರಮ ಡೆಂಡೆರಾ ದೇವಾಲಯದ ಛಾವಣಿಯ ಮೇಲಿನ ಗುಡಿಗಳ ಗೋಡೆಯಲ್ಲಿ ಕೆತ್ತಿದೆ. ಒಸೈರಿಸನ ರೂಪದ, ಎರಡು ಹೋಳಿನ, ಒಂದು ಮೊಳ ಉದ್ದದ ಚಿನ್ನದ ಅಚ್ಚು. ಖೋಯಾಕ್ 12ರಂದು ಅದರಲ್ಲಿ ಮರಳನ್ನೂ ಬಾರ್ಲಿಯನ್ನೂ ತುಂಬಿ, ದಿನವೂ ನೀರು ಹಾಕುತ್ತಾರೆ. 21ರಂದು ಎರಡು ಹೋಳುಗಳನ್ನು ಅಚ್ಚಿನಿಂದ ತೆಗೆದು, ಜೋಡಿಸಿ ಕಟ್ಟಿ, ಬಿಸಿಲಿಗೆ ಒಣಗಿಸುತ್ತಾರೆ. ಹೋದ ವರ್ಷ ಮಾಡಿಟ್ಟ ಮೂರ್ತಿಯನ್ನು ಹೂಳಿ, ಹೊಸದನ್ನು ಮುಂದಿನ ವರ್ಷಕ್ಕೆ ಕಾದಿಡುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಒಂಬತ್ತು ದಿನದಲ್ಲಿ ಬಾರ್ಲಿ ಮೊಳೆಯುತ್ತದೆ, ತೆನೆ ಬಿಡುವುದಿಲ್ಲ. ಮೊಳೆತದ್ದನ್ನು ಬೇಕೆಂದೇ ಒಣಗಿಸಿದ್ದಾರೆ. ಹಾಗಾಗಿ ಇದನ್ನು ಬರೀ ‘ಬೆಳೆ ಹೆಚ್ಚಿಸುವ ಮಾಟ’ ಎಂದು ತಳ್ಳಿಹಾಕುವುದು ಕಷ್ಟ. ಸತ್ತ ದೇಹದೊಳಗೂ ಜೀವ ಉಳಿದಿದೆ ಎಂದು ತೋರಿಸುವ ಕೆಲಸ ಇದರಲ್ಲಿ ಹೆಚ್ಚು ಕಾಣುತ್ತದೆ. ತುತಾಂಖಮುನ್‌ನ ಸಮಾಧಿಯಲ್ಲೂ ಒಸೈರಿಸನ ಆಕಾರದ ಮರದ ಚೌಕಟ್ಟಿತ್ತು. ಅದರಲ್ಲಿ ಮಣ್ಣು ತುಂಬಿ ಧಾನ್ಯ ಮೊಳೆಸಿ ಬಟ್ಟೆ ಸುತ್ತಿದ್ದರು. ಸಮಾಧಿಯ ಕತ್ತಲಲ್ಲಿ ಯಾರು ಬೆಳೆ ತೆಗೆಯುತ್ತಾರೆ? ಒಸೈರಿಸನೂ ಎದ್ದು ಊರಿಗೆ ಮರಳುವವನಲ್ಲ. ಅವನು ಸತ್ತವರ ಲೋಕದ ಅರಸನಾಗುತ್ತಾನೆ, ಭೂಮಿಯ ಪಟ್ಟ ಮಗ ಹೋರಸನಿಗೆ.

ಇನ್ನು ಎಲ್ಲರೂ ಎಡವುವ ಜಾಗ, ತಾರೀಖು. ಈಜಿಪ್ಟಿನ ಪಂಚಾಂಗದಲ್ಲಿ ವರ್ಷಕ್ಕೆ 365 ದಿನ ಮಾತ್ರ, ಅಧಿಕ ದಿನವಿಲ್ಲ. ನಾಲ್ಕು ವರ್ಷಕ್ಕೆ ಒಂದು ದಿನ, 120 ವರ್ಷಕ್ಕೆ ಒಂದು ತಿಂಗಳು ಜಾರುತ್ತದೆ. ಈಜಿಪ್ಟಿನ ಅರ್ಚಕರ ಸಭೆ ಹೊರಡಿಸಿದ ಕ್ರಿ.ಪೂ. 238ರ ಕನೋಪಸ್ ಶಾಸನವನ್ನೇ ನೋಡಿ. ಅದು ಹೊರಟ ದಿನ ಟೈಬಿ ತಿಂಗಳ 17, ರೋಮನ್ ಲೆಕ್ಕದಲ್ಲಿ ಮಾರ್ಚ್ 7. ಟೈಬಿ ಬರುವುದು ಖೋಯಾಕ್ ಆದ ಮೇಲೆ. 17 ದಿನ ಹಿಂದೆ ಎಣಿಸಿದರೆ ಖೋಯಾಕ್ 30 ಬೀಳುವುದು ಫೆಬ್ರವರಿ 18ಕ್ಕೆ. ಬಿತ್ತಿ ಮೂರು ತಿಂಗಳಾಗಿ ಹೊಲದಲ್ಲಿ ಪೈರು ನಿಂತಿರುವಾಗ ಗುಡಿಯಲ್ಲಿ ದೇವರನ್ನು ‘ಬಿತ್ತುತ್ತಿದ್ದರು’! ನಾಲ್ಕು ವರ್ಷಕ್ಕೊಂದು ದಿನ ಸೇರಿಸಿ ಎಂದು ಆ ಶಾಸನ ಹೇಳಿತು, ಜನ ಒಪ್ಪಲಿಲ್ಲ. ರೋಮ್ ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಷ್ಟೇ ಪಂಚಾಂಗ ಒಂದು ಕಡೆ ನಿಂತಿತು. ಆದ್ದರಿಂದ ಯಾವ ಶತಮಾನದ ಖೋಯಾಕ್ ಎಂದು ಹೇಳದೆ ‘ಹಬ್ಬ ಬಿತ್ತನೆಯ ಕಾಲದ್ದು’ ಎಂದು ಬರೆದರೆ, ಅದು ಸರಿಯಿರಬಹುದು, ಮೂರು ತಿಂಗಳು ತಪ್ಪೂ ಇರಬಹುದು.

ಪುತ್ತರಿಗೆ ಈ ಗತಿ ಬಾರದಿರುವುದು ಅದು ಹುಣ್ಣಿಮೆಯನ್ನೂ ರೋಹಿಣಿ ನಕ್ಷತ್ರವನ್ನೂ ನೋಡಿ ಗೊತ್ತಾಗುವುದರಿಂದ. ನವೆಂಬರ್ ಕೊನೆ, ಡಿಸೆಂಬರ್ ಬಿಟ್ಟು ಅದು ಆಚೀಚೆ ಹೋಗುವುದಿಲ್ಲ. ಆದರೆ ದಯವಿಟ್ಟು ಪುತ್ತರಿಯೊಳಗೆ ಸಾಯುವ ದೇವರನ್ನು ಹುಡುಕಬೇಡಿ. ‘ಪೊಲಿ ಪೊಲಿ ದೇವಾ’ ಎಂದು ಕದಿರು ಕೊಯ್ಯುವ ಐನ್‌ಮನೆಯ ಹಿರಿಯರು ಯಾರಿಗೂ ಶೋಕಾಚರಣೆ ಮಾಡುತ್ತಿಲ್ಲ; ಹೆಚ್ಚಲಿ ಎಂದು ಕೇಳುತ್ತಿದ್ದಾರೆ.

ಈಗಿನ ಇರಾಕಿನಲ್ಲಿದ್ದ ಸುಮೇರಿನ ದೇವರು ದುಮುಝಿಯದು ಮತ್ತೊಂದೇ ದಾರಿ. ಅವನು ಕುರುಬ. ಅವನ ಹೆಸರಿನ ತಿಂಗಳು ಬರುವುದು ಜೂನ್–ಜುಲೈಯಲ್ಲಿ, ಬಿಸಿಲಿಗೆ ಹುಲ್ಲುಗಾವಲು ಸುಟ್ಟು ಹಾಲು ಬತ್ತುವಾಗ. ಅವನಿಗಾಗಿ ಅಳುತ್ತಿದ್ದದ್ದು ಆಗ. ಅರ್ಧ ವರ್ಷ ಪಾತಾಳದಲ್ಲಿ ಅವನು, ಉಳಿದರ್ಧ ಅವನ ಬದಲು ತಂಗಿ ಗೆಶ್ತಿನಾನ್ನಾ. ಇದನ್ನೂ ‘ಚಳಿಗಾಲದ ಸಾವು’ ಎಂದು ಬರೆದು ತಂದರೆ ಪುಟ ತಿರುಗಿಸದೆ ವಾಪಸ್ ಕೊಡುವುದೇ ಸರಿ.