ಒಂಬತ್ತು ಲಕ್ಷವೆಂದರೆ ಎಷ್ಟು?

ಮುಂಬಯಿಯ ಭಾಂಡುಪಿನಿಂದ ಬಂದ ಹಿರಿಯರೊಬ್ಬರು ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, ವಿಡಿಯೋವನ್ನು ಒಂದು ಕಡೆ ನಿಲ್ಲಿಸಿ ತೋರಿಸಿದರು. ಬಿಸಿ ಗೋಳಿಬಜೆಯ ತಟ್ಟೆ, ಅದರ ಮೇಲೆ ದಪ್ಪ ಹಳದಿ ಅಕ್ಷರ: ‘ಕೇವಲ ₹9 ಲಕ್ಷದಲ್ಲಿ ನಿಮ್ಮದೇ ಅಂಗಡಿ’. ನಿವೃತ್ತಿಯ ಹಣದಲ್ಲಿ ಅವರು ಎತ್ತಿಟ್ಟಿದ್ದು ಹತ್ತು ಲಕ್ಷ. ಫ್ರಾಂಚೈಸಿ ಶುಲ್ಕ ಕಟ್ಟಿ, ಅಂಗಡಿ ಹುಡುಕಲು ಹೊರಟ ಮೇಲೆ ಲೆಕ್ಕ ತಪ್ಪತೊಡಗಿತ್ತು. “ಸರ್, ಇವರು ಸುಳ್ಳು ಹೇಳಿದರೋ, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೋ?” ಎಂದರು.

ಎರಡೂ ಸ್ವಲ್ಪ ಸ್ವಲ್ಪ ನಿಜವಾಗಿತ್ತು. ಆ ವಿಡಿಯೋದಲ್ಲಿ ಅಕ್ಷರಶಃ ಸುಳ್ಳೆನ್ನುವ ಮಾತು ಒಂದೂ ಇರಲಿಲ್ಲ. ಬ್ರ್ಯಾಂಡಿನವರು ತಮಗೆ ಬರಬೇಕಾದ ಹಣವನ್ನು ಹೇಳಿದ್ದರು. ಅಂಗಡಿಯ ಬಾಗಿಲು ತೆರೆಯಲು ಬೇಕಾದ ಹಣವನ್ನು ಹೇಳಿರಲಿಲ್ಲ. ಇವೆರಡನ್ನೂ ಒಂದೇ ಎಂದು ನಂಬುವಂತೆ ‘ಕೇವಲ’ ಎಂಬ ಪದ ನೋಡಿಕೊಂಡಿತ್ತು.

ಡೊಂಬಿವಲಿಯಲ್ಲಿ ಲೆಕ್ಕಪತ್ರ ನೋಡುವ ನನ್ನ ಬಳಿ, ಕೆಲವು ತಿಂಗಳ ನಂತರ, ಅದೇ ಬಗೆಯ ಇನ್ನೊಂದು ತಿಂಡಿ ಬ್ರ್ಯಾಂಡಿನ ಮಾಲೀಕರು ಬಂದರು. ಕುಂದಾಪುರದ ಕಡೆಯವರು. ಗೋಳಿಬಜೆ, ಬನ್ಸ್, ಕಾಫಿಯ ನಾಲ್ಕು ಅಂಗಡಿಗಳಿವೆ. ಅಕ್ಕನ ಮಗ ಫ್ರಾಂಚೈಸಿ ವಿಡಿಯೋಗೆ ಮಾತು ಬರೆದುಕೊಂಡು ಬಂದಿದ್ದ. ಅಲ್ಲಿಯೂ ಒಂಬತ್ತು ಲಕ್ಷವೇ. ಈ ಅಂಕಿಗೆ ಅದೇನು ಆಕರ್ಷಣೆಯೋ!

ಕಾಗದ ತೆಗೆದು ಒಟ್ಟಿಗೆ ಲೆಕ್ಕ ಹಾಕಿದೆವು. ಅವರ ಒಂಬತ್ತರಲ್ಲಿ ಮೂರು ಲಕ್ಷ ಶುಲ್ಕ, ಆರು ಲಕ್ಷ ಒಳಾಂಗಣ ಮತ್ತು ಯಂತ್ರಗಳ ಒಟ್ಟು ಗುತ್ತಿಗೆ. ಎರಡಕ್ಕೂ 18% ಜಿಎಸ್‌ಟಿ ಸೇರಿದರೆ ₹10.62 ಲಕ್ಷವಾಗುತ್ತದೆ. “ಅದು ಮುಂದೆ ತೆರಿಗೆಯಲ್ಲಿ ವಜಾ ಆಗುತ್ತದಲ್ಲ?” ಎಂದ ಹುಡುಗ. ಬಹಳ ಮಂದಿ ಮುಗ್ಗರಿಸುವುದು ಇಲ್ಲಿಯೇ. ಇಂಥ ತಿಂಡಿ ಅಂಗಡಿ ಗ್ರಾಹಕರಿಂದ 5% ಜಿಎಸ್‌ಟಿ ವಸೂಲು ಮಾಡುತ್ತದೆ. ಆ ದರದಲ್ಲಿ ಹೂಡುವಳಿ ತೆರಿಗೆಯ ಜಮೆ, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಅವಕಾಶ, ಸಿಗುವುದಿಲ್ಲ. ಶುಲ್ಕದ ಮೇಲೆ, ಫ್ರೀಜರಿನ ಮೇಲೆ, ಮುಂದೆ ತಿಂಗಳು ತಿಂಗಳು ಕೊಡುವ ರಾಯಲ್ಟಿಯ ಮೇಲೆ ಕಟ್ಟಿದ ತೆರಿಗೆಯೆಲ್ಲ ಅಂಗಡಿಯವನ ಖರ್ಚೇ. ಹಾಗಾಗಿ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಹಣವನ್ನು ಮೂಲೆಗೆ ತಳ್ಳಿದಂತಾಯಿತು.

ಇನ್ನು ಅಂಗಡಿ ಮಾಲೀಕನಿಗೆ ಹೋಗುವ ಹಣ. ಬಾಡಿಗೆ ₹45,000 ಎಂದಿಟ್ಟುಕೊಂಡು, ಆರು ತಿಂಗಳ ಠೇವಣಿ, ಏಜೆಂಟನ ಒಂದು ತಿಂಗಳು, ಬಡಗಿ ಕೆಲಸ ನಡೆಯುವಾಗ ವ್ಯಾಪಾರವಿಲ್ಲದೆ ಕಟ್ಟುವ ಒಂದು ತಿಂಗಳು ಸೇರಿಸಿದೆವು: ₹3.6 ಲಕ್ಷ. ಮೊದಲ ದಾಸ್ತಾನು ₹60,000. ಪರವಾನಗಿ, ವಿದ್ಯುತ್ ಲೋಡ್ ಏರಿಸುವುದು, ಹೊಗೆಕೊಳವೆ ಎಲ್ಲ ಸೇರಿ ₹75,000. ಮೊದಲ ಮೂರು ತಿಂಗಳು ವ್ಯಾಪಾರ ಕೈಕೊಟ್ಟರೂ ಸಂಬಳ ನಿಲ್ಲದಂತೆ ಎತ್ತಿಡಬೇಕಾದ ಎರಡು ಲಕ್ಷ. ಒಟ್ಟು ₹17.57 ಲಕ್ಷ.

ಮಾಲೀಕರು ಕಾಗದವನ್ನೇ ನೋಡುತ್ತ ಕುಳಿತರು. “ಇಷ್ಟು ಹೇಳಿದರೆ ಯಾರು ಫೋನ್ ಮಾಡುತ್ತಾರೆ?” ಎಂದರು. ಹದಿನೇಳೂವರೆ ಇರುವವರು ಮಾಡುತ್ತಾರೆ ಎಂದೆ. ಹತ್ತು ಲಕ್ಷ ಹಿಡಿದು ಬಂದವನು ಆರನೆಯ ತಿಂಗಳಲ್ಲಿ ಎಣ್ಣೆ ಬದಲಿಸುವುದನ್ನು ಮುಂದೂಡುತ್ತಾನೆ. ಕರಿದ ಎಣ್ಣೆಯಲ್ಲಿ, ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು 25% ದಾಟಿದರೆ ಅದನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ದಂಡ ಅವನಿಗೆ, ಹೆಸರು ಕೆಡುವುದು ಇವರದು.

ವಿಡಿಯೋದಲ್ಲಿ ಹಣದ ಬಗ್ಗೆ ಕೊನೆಗೆ ಉಳಿದದ್ದು ಎರಡೇ ಸಾಲು: ‘ಬಾಗಿಲು ತೆರೆಯಲು, ತೆರಿಗೆ ಸೇರಿ, ಸುಮಾರು ₹17.5 ಲಕ್ಷ ಕೈಯಲ್ಲಿರಬೇಕು. ಇದರಲ್ಲಿ ನಮಗೆ ಬರುವುದು ₹10.62 ಲಕ್ಷ, ಠೇವಣಿ ₹2.7 ಲಕ್ಷ ಅಂಗಡಿ ಬಿಡುವಾಗ ನಿಮಗೆ ಮರಳಬೇಕಾದದ್ದು.’ ಬಾಡಿಗೆಯನ್ನು ಯಾವ ಬಡಾವಣೆಯ ದರದಲ್ಲಿ ಹಿಡಿದಿದ್ದೇವೆ, ಯಾವ ತಿಂಗಳ ಲೆಕ್ಕ ಎಂಬುದನ್ನೂ ಪರದೆಯ ಮೇಲೆ ಹಾಕಿಸಿದೆ. ಡೊಂಬಿವಲಿಯ ದರ ಹಿಡಿದು ಅಂಧೇರಿಯಲ್ಲಿ ಅಂಗಡಿ ಹುಡುಕುವವರಿದ್ದಾರೆ.

‘ಒಂಬತ್ತು ತಿಂಗಳಲ್ಲಿ ಬಂಡವಾಳ ವಾಪಸ್’ ಎಂಬ ಸಾಲನ್ನು ಪೂರ್ತಿ ಹೊಡೆದುಹಾಕಿದೆ. ಅದರ ಬದಲು ನಾಲ್ಕು ಅಂಗಡಿಗಳಲ್ಲಿ ಅತಿ ಕಡಿಮೆ ವ್ಯಾಪಾರದ ಅಂಗಡಿಯ ದಿನದ ಸರಾಸರಿಯನ್ನು ತೋರಿಸಿ ಎಂದಾಗ ಮಾವ ಅಳಿಯ ಇಬ್ಬರೂ ಮುಖ ಮುಖ ನೋಡಿಕೊಂಡರು. ಒಪ್ಪಿಸಲು ಎರಡು ಕಾಫಿ ಬೇಕಾಯಿತು.

ಜಾಗದ ಮಾತು ಬಂದಾಗ ನನಗೆ ಹೊಸ ಪಾಠವಾಯಿತು. ‘150 ಚದರ ಅಡಿ ಸಾಕು’ ಎಂದು ಬರೆದಿದ್ದರು. ಯಾವ 150? ಮುಂಬಯಿಯ ಏಜೆಂಟ್ ಹೇಳುವುದು ಹೆಚ್ಚಾಗಿ ಬಿಲ್ಟಪ್ ಇಲ್ಲವೇ ಸೂಪರ್ ಬಿಲ್ಟಪ್. ಗೋಡೆ, ಎಲ್ಲರೂ ಓಡಾಡುವ ಓಣಿಯ ಪಾಲು ಎಲ್ಲ ಕಳೆದು ಕಾಲಿಡಲು ಸಿಗುವ ಕಾರ್ಪೆಟ್ ಅದಕ್ಕಿಂತ ಎಷ್ಟೋ ಕಡಿಮೆ. ಅವರ ಅತಿ ಚಿಕ್ಕ ಅಂಗಡಿಗೆ ಹೋಗಿ ಟೇಪು ಹಿಡಿದೆವು. ಮುಂಭಾಗ 9 ಅಡಿ, ಆಳ 20 ಅಡಿ. ಕಾರ್ಪೆಟ್ 180, ಅಷ್ಟರಲ್ಲೂ ಇಬ್ಬರು ಬೆನ್ನಿಗೆ ಬೆನ್ನು ತಾಗಿಸಿಕೊಂಡೇ ದುಡಿಯುತ್ತಿದ್ದರು.

ಇನ್ನೂ ಕಡಿಮೆಯಲ್ಲಿ ಏಕಾಗದು ಎಂದರೆ, ಕಾರಣ ಚಟ್ನಿ. ಗೋಳಿಬಜೆಯ ಒಣ ಹಿಟ್ಟು ಕೇಂದ್ರ ಅಡುಗೆಮನೆಯಿಂದ ಚೀಲದಲ್ಲಿ ಬರಬಹುದು. ಕಾಯಿಚಟ್ನಿ ಈ ಸೆಕೆಯಲ್ಲಿ ಬಾರದು. ಮಧ್ಯಾಹ್ನದೊಳಗೆ ಹುಳಿಯುತ್ತದೆ. ಹಾಗಾಗಿ ಪ್ರತಿ ಅಂಗಡಿಯಲ್ಲೂ ರುಬ್ಬುವ ಯಂತ್ರ, ತೊಳೆಯುವ ತೊಟ್ಟಿ, ನೀರಿನ ನಲ್ಲಿ, ಚರಂಡಿಗೆ ದಾರಿ ಬೇಕು. ನಲ್ಲಿಯಿಲ್ಲದ ನೂರಡಿಯ ಮೂಲೆಯಂಗಡಿಯನ್ನು ಯಾರಾದರೂ ಅಗ್ಗವೆಂದು ಹಿಡಿದರೆ ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಹೊಗೆ. ವಸತಿ ಸೊಸೈಟಿಯ ಕೆಳಗಿನ ಅಂಗಡಿಯಾದರೆ ಎಣ್ಣೆಯ ವಾಸನೆ ಮೊದಲ ಮಹಡಿಯ ಬಾಲ್ಕನಿಗೇ ನೇರ. ಠೇವಣಿ ಕೊಡುವ ಮುನ್ನ ಸೊಸೈಟಿಯ ಲಿಖಿತ ಒಪ್ಪಿಗೆ ಪಡೆಯಿರಿ ಎಂಬ ಮಾತನ್ನು ಮಾಲೀಕರೇ ಕ್ಯಾಮೆರಾ ಮುಂದೆ ಹೇಳಿದರು. ಒಂದು ಅಂಗಡಿಯಲ್ಲಿ ಅನುಭವಿಸಿದ್ದರಿಂದ ಆ ಮಾತು ಮಾತ್ರ ಒಂದೇ ಸಲಕ್ಕೆ ಸರಿಯಾಗಿ ಬಂತು.

‘ಸಂಪೂರ್ಣ ಬೆಂಬಲ’ ಎಂಬುದನ್ನು ಬಿಡಿಸಿದರೆ ಒಳಗೆ ಇದ್ದದ್ದು ಇಷ್ಟು: 12 ದಿನ ತರಬೇತಿ, ಆರಂಭದಲ್ಲಿ 10 ದಿನ ಒಬ್ಬ ಅಡುಗೆಯವನು ಜೊತೆಗಿರುವುದು, ವಾರಕ್ಕೆ ಎರಡು ಸಲ ಹಿಟ್ಟು. ಕಡಿಮೆಯೇನಲ್ಲ, ಹಾಗೆಯೇ ಹೇಳಬಹುದು. ಅದರ ಜೊತೆಗೆ ಮಾಡದಿರುವುದನ್ನೂ ಹೇಳಿಸಿದೆ. ಕೆಲಸಗಾರರನ್ನು ಹುಡುಕಿಕೊಡುವುದಿಲ್ಲ. ಅಡುಗೆಯವನ ಊಟ ವಸತಿ ಅಂಗಡಿಯವರದು. ಹಿಟ್ಟಿನ ಗಾಡಿ ಘಾಟಿ ಹತ್ತುವುದಿಲ್ಲ, ಆದ್ದರಿಂದ ಪುಣೆಯವರಿಗೆ ಈಗ ಫ್ರಾಂಚೈಸಿ ಇಲ್ಲ. ಮೊಸರು ಅಲ್ಲಲ್ಲಿಯೇ ಕೊಳ್ಳಬೇಕು. ಹುಳಿ ಹೆಚ್ಚಾದ ದಿನ ಬಜೆ ಎಣ್ಣೆ ಕುಡಿದರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ಗಂಟೆಯವರೆಗೆ ಎತ್ತುತ್ತಾರೆ ಎಂಬುದೂ ಬಂತು.

ಭಾಂಡುಪಿನ ಹಿರಿಯರ ವಿಷಯಕ್ಕೆ ಮರಳುತ್ತೇನೆ. ಫ್ರಾಂಚೈಸಿ ಮಾರುವವರು ಇಂತಿಂಥ ವಿವರಗಳನ್ನು ಮೊದಲೇ ಬರೆದುಕೊಡಬೇಕೆಂಬ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಆಸರೆ 1872ರ ಕರಾರು ಕಾಯಿದೆಯದು: ದಾರಿತಪ್ಪಿಸುವ ಹೇಳಿಕೆ ನಂಬಿ ಒಪ್ಪಿದವನು ಕರಾರನ್ನು ರದ್ದುಪಡಿಸಬಹುದು. ಆದರೆ ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ತಿಳಿಯುತ್ತಿತ್ತು ಎಂದಾದರೆ ಆ ಹಕ್ಕು ಜಾರುತ್ತದೆ. ‘ಠೇವಣಿ ಬೇಕೆಂದು ಯಾರಿಗೆ ಗೊತ್ತಿಲ್ಲ?’ ಎಂದು ಎದುರು ವಕೀಲರು ಕೇಳುವುದು ಖಚಿತವಿತ್ತು. ಹಿರಿಯರು ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ವಿಡಿಯೋವನ್ನು ಮುಂದಿಟ್ಟು ಮಾತುಕತೆ ನಡೆಸಿ, ಶುಲ್ಕದ ಅರ್ಧದಷ್ಟು ಹಿಂದೆ ಪಡೆದರು. ಉಳಿದರ್ಧಕ್ಕೆ ಕೋರ್ಟು ಹತ್ತುವ ವಯಸ್ಸು ತಮ್ಮದಲ್ಲ ಎಂದರು.

ಕುಂದಾಪುರದವರ ವಿಡಿಯೋ ಈಗ ಮೂರು ನಿಮಿಷದ್ದು. ಮೊದಲ ದೃಶ್ಯ ಗೋಳಿಬಜೆಯಲ್ಲ, ಶಟರಿನ ಅಡ್ಡಕ್ಕೆ ಹಿಡಿದ ಟೇಪು. ಕಳೆದ ವಾರ ಪನ್ವೇಲಿನಿಂದ ಒಬ್ಬರು ತಮ್ಮ ಅಂಗಡಿಯ ಶಟರಿಗೆ ಹಾಗೆಯೇ ಟೇಪು ಹಿಡಿದು ಫೋಟೋ ಕಳಿಸಿದ್ದರು. ಏಳೂವರೆ ಅಡಿ. ಹುಡುಗ ಫೋನ್ ಮಾಡಿ ಆಗುವುದಿಲ್ಲ ಎಂದನಂತೆ. ಪಕ್ಕದ ಅಂಗಡಿಯೂ ಖಾಲಿಯಾಗಲಿದೆ, ಅಳೆದು ತಿಳಿಸುತ್ತೇನೆ ಎಂದರಂತೆ ಅವರು.