ಬೆಲೆಯ ಲಿಂಕ್ ಒತ್ತಿದರೆ ಬೇಲಿಗೆ ಹೋಗುತ್ತಿತ್ತು

ಮಂಡ್ಯದ ಗೆಳೆಯರೊಬ್ಬರು ಕಬ್ಬಿನ ಬೇಸಾಯದ ಬಗ್ಗೆ ಒಂದು ಉದ್ದನೆಯ ಪುಟ ಮಾಡಿದ್ದಾರೆ. ಅದರಲ್ಲಿ ‘ಬೆಲೆ’ ಅಂತ ಒಂದು ತಲೆಬರಹ, ‘ಬೇಲಿ’ ಅಂತ ಇನ್ನೊಂದು. ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಬೆಲೆಯ ಲಿಂಕ್ ಒತ್ತಿದರೆ ಒಂದು ದಿನ ಇದ್ದಕ್ಕಿದ್ದಂತೆ ಬೇಲಿಯ ಹತ್ತಿರ ಹೋಗಿ ನಿಂತಿತು. ಲಿಂಕ್ ಒತ್ತಿದಾಗ ಪುಟದಲ್ಲಿ ಎಲ್ಲಿಗೆ ಹೋಗಬೇಕು ಅಂತ ಹೇಳೋದು ತಲೆಬರಹಕ್ಕೆ ಕೊಟ್ಟ ಹೆಸರು, ಅಂದರೆ ಐಡಿ. ‘ಕನ್ನಡದ ಐಡಿ ಬ್ರೌಸರಿಗೆ ಅರ್ಥ ಆಗಲ್ಲ ಕಣ್ರೀ’ ಅಂದರು. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ, ಅದಕ್ಕೆ ಕಾರಣವೂ ಇದೆ.

1999ರ ಎಚ್‌ಟಿಎಂಎಲ್ 4.01ರಲ್ಲಿ ಐಡಿಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳಿಗೆ ಮಾತ್ರ ಜಾಗ ಇತ್ತು. ಹಾಗಾಗಿ ಕನ್ನಡ ವಿಕಿಪೀಡಿಯದಲ್ಲಿ ‘ಬೆಲೆ’ ಅನ್ನೋ ತಲೆಬರಹದ ಐಡಿ ಹೀಗಿರುತ್ತಿತ್ತು:

```
.E0.B2.AC.E0.B3.86.E0.B2.B2.E0.B3.86
```

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು. ಒಂದೊಂದು ಬೈಟನ್ನೂ ಒಂದು ಚುಕ್ಕಿ, ಎರಡು ಅಕ್ಷರದಲ್ಲಿ ಬರೆದರೆ ನಾಲ್ಕು ಚಿಹ್ನೆಯ ಪದ 36 ಅಕ್ಷರ ಆಗೋದು ಹಾಗೆ. 2014ರಲ್ಲಿ ಅಂತಿಮವಾದ ಎಚ್‌ಟಿಎಂಎಲ್5 ಈ ಕಟ್ಟು ಬಿಚ್ಚಿತು: ಐಡಿ ಖಾಲಿ ಇರಬಾರದು, ಸ್ಪೇಸ್ ಇರಬಾರದು, ಒಂದೇ ಪುಟದಲ್ಲಿ ಎರಡು ಸಲ ಬರಬಾರದು, ಅಷ್ಟೇ. 2017ರ ಹೊತ್ತಿಗೆ ವಿಕಿಪೀಡಿಯವೂ ನೇರ ಲಿಪಿಗೆ ಬದಲಾಯಿತು, ಹಳೆಯ ಲಿಂಕ್ ಮುರಿಯದಂತೆ ಚುಕ್ಕಿಯ ಐಡಿಯನ್ನೂ ಜೊತೆಗೆ ಉಳಿಸಿಕೊಂಡಿತು.

ಇವತ್ತಿನ ಬ್ರೌಸರ್‌ಗಳಲ್ಲಿ ತೊಂದರೆ ಇಲ್ಲ. ಲಿಂಕಿನ ಕೊನೆಯಲ್ಲಿ `#ಬೆಲೆ` ಇರಲಿ, ಕಾಪಿ ಮಾಡಿದಾಗ ಬರುವ `#%E0%B2%AC…` ಇರಲಿ, ಬ್ರೌಸರ್ ಮೊದಲು ಇದ್ದ ಹಾಗೇ ಹುಡುಕುತ್ತದೆ, ಸಿಗದಿದ್ದರೆ ಶೇಕಡಾ ಚಿಹ್ನೆಗಳನ್ನು ಬಿಡಿಸಿ ಮತ್ತೆ ಹುಡುಕುತ್ತದೆ. ಎಡವೋದು ನಾವು ಬರೆದ ಸ್ಕ್ರಿಪ್ಟ್. `location.hash` ಬಿಡಿಸದ ರೂಪವನ್ನೇ ಕೊಡುತ್ತದೆ, ಅದನ್ನು `decodeURIComponent` ಮಾಡದೆ ಹುಡುಕಿದರೆ ಏನೂ ಸಿಗಲ್ಲ.

ಗೆಳೆಯರ ಪುಟ ಕೆಟ್ಟಿದ್ದು ಇನ್ನೊಂದು ಕಡೆ. ತಲೆಬರಹದಿಂದ ತಾನೇ ಐಡಿ ಮಾಡುವ ಅವರ ಪೈಥಾನ್ ಟೂಲ್ ಒಳಗೆ ಅಕ್ಷರ, ಅಂಕಿ, ಸ್ಪೇಸ್ ಥರದವನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸುವ ಇಂಥದ್ದೊಂದು ಸಾಲಿತ್ತು:

```python
re.sub(r'[^\w\s-]', '', 'ಬೆಲೆ')  # 'ಬಲ'
```

ಪೈಥಾನಿನ `\w`ಗೆ ‘ಬ’ ಒಂದು ಅಕ್ಷರ, ಆದರೆ ಎತ್ವ, ಗುಡಿಸು, ಅನುಸ್ವಾರ, ವಿರಾಮ ಯಾವುದೂ ಅಕ್ಷರ ಅಲ್ಲ. ಯೂನಿಕೋಡ್ ಅವನ್ನು ಬೇರೆ ಗುಂಪಿಗೆ ಹಾಕಿದೆ. ಗುಣಿತ ಕಿತ್ತುಹೋದರೆ ಕನ್ನಡ ಏನು ಉಳಿಯುತ್ತೆ ಹೇಳಿ! ಮಂಡ್ಯ ‘ಮಡಯ’ ಆಗುತ್ತದೆ, ಬೆಲೆ, ಬೇಲಿ ಎರಡೂ ‘ಬಲ’. ಒಂದೇ ಹೆಸರು ಎರಡು ಸಲ ಬಂದರೆ ಟೂಲ್ ಎರಡನೆಯದಕ್ಕೆ `ಬಲ_1` ಅಂತ ಕೊಡುತ್ತಿತ್ತು. ಮೊದಲು ಬೆಲೆ ಮೇಲಿತ್ತು, ಗೆಳೆಯರು ಬೇಲಿಯ ಭಾಗವನ್ನು ಅದಕ್ಕಿಂತ ಮುಂದೆ ತಂದರು, ಐಡಿಗಳು ಅದಲುಬದಲಾದವು.

ನಿಮ್ಮ ಪುಟದಲ್ಲೂ ಹೀಗಿದೆಯಾ ಅಂತ ನೋಡೋದು ಸುಲಭ. ಪುಟದ ಸೋರ್ಸ್ ತೆರೆದು ಐಡಿಯಲ್ಲಿ ಗುಣಿತ ಉಳಿದಿದೆಯಾ ನೋಡಿ. ಕಣ್ಣಿಗೆ ಕಾಣದ ಒಂದು ತೊಡಕೂ ಇದೆ: ‘ಫೇಸ್‌ಬುಕ್’ ಥರದ ಪದಗಳ ನಡುವೆ ನಾವು ಹಾಕುವ ಶೂನ್ಯ ಅಗಲದ ಚಿಹ್ನೆ, `U+200C`. ಐಡಿಯಲ್ಲಿ ಅದಿದ್ದು ಲಿಂಕಿನಲ್ಲಿ ಇಲ್ಲದಿದ್ದರೆ ಬ್ರೌಸರಿಗೆ ಅವೆರಡೂ ಬೇರೆ ಬೇರೆ.

ನನ್ನ ಮಟ್ಟಿಗೆ, ಐಡಿಯನ್ನು ಕೈಯಾರೆ ಬರೆಯೋದೇ ಸರಿ. ಪೂರ್ತಿ ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಆದರೆ ಗೆಳೆಯರ ಲಿಂಕ್‌ಗಳು ಜಾಸ್ತಿ ಓಡಾಡೋದು ಮೆಸೇಜ್‌ಗಳಲ್ಲಿ, ಅಲ್ಲಿ 36 ಅಕ್ಷರದ ಬಾಲ ಯಾಕೆ ಅಂತ `id="bele"`, `id="beli"` ಇಟ್ಟೆವು. ಆಗಲೇ ಹಂಚಿಹೋಗಿದ್ದ ಲಿಂಕ್‌ಗಳಿಗಾಗಿ ಬೆಲೆಯ ತಲೆಬರಹದ ಮೇಲೆ ಒಂದು ಖಾಲಿ `<span id="ಬಲ"></span>` ಇನ್ನೂ ಇದೆ.