ಅಧ್ಯಾಯದ ಗುರುತು ಜಾರಿದೆಯೇ? ತಿದ್ದುವ ಮೊದಲು ಅಳೆಯಿರಿ

ಧ್ವನಿಮುದ್ರಿತ ಉಪನ್ಯಾಸಗಳ ಸಂಗ್ರಹ ಹದಗೆಟ್ಟಿದೆ ಎಂದರೆ ಸಾಮಾನ್ಯವಾಗಿ ಮೂರು ಕಡೆ ಕೆಟ್ಟಿರುತ್ತದೆ: ಟ್ಯಾಗ್, ಅಧ್ಯಾಯದ ಗುರುತು, ಮುಖಚಿತ್ರ. ಟ್ಯಾಗ್ ಮತ್ತು ಚಿತ್ರದ ತಪ್ಪು ಪಟ್ಟಿ ತೆರೆದ ಕೂಡಲೇ ಕಣ್ಣಿಗೆ ಬೀಳುತ್ತದೆ. ಅಧ್ಯಾಯದ ತಪ್ಪು ಹಾಗಲ್ಲ. ಹೆಸರುಗಳೆಲ್ಲ ಅಚ್ಚುಕಟ್ಟಾಗಿಯೇ ಕಾಣುತ್ತವೆ, ಒತ್ತಿದಾಗ ಮಾತ್ರ ಬೇರೆ ಯಾವುದೋ ವಾಕ್ಯದ ನಡುವೆ ಹೋಗಿ ಬೀಳುತ್ತೇವೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಪ್ರತಿ ಗುರುತನ್ನೂ ಕಿವಿಗೊಟ್ಟು ಕೇಳುತ್ತಾ ಒಂದೊಂದಾಗಿ ಸರಿಸುವುದು. 24 ಉಪನ್ಯಾಸ, ತಲಾ ಹತ್ತು ಅಧ್ಯಾಯ ಎಂದರೆ 240 ಗುರುತು. ಇಷ್ಟು ದುಡಿಮೆ ಬಹುಪಾಲು ಅನಗತ್ಯ, ಏಕೆಂದರೆ ಗುರುತುಗಳು ಮನಬಂದಂತೆ ಜಾರುವುದಿಲ್ಲ. ಜಾರಿದ್ದಕ್ಕೆ ಒಂದು ಕಾರಣವಿರುತ್ತದೆ, ಆ ಕಾರಣ ಅಂತರದ ಅಂಕಿಯಲ್ಲೇ ಕಾಣುತ್ತದೆ.

ಒಂದು ಕಡತ ತೆಗೆದುಕೊಂಡು ಮೂರು ಕಡೆ ಅಳೆಯಿರಿ: ಆರಂಭದ ಹತ್ತಿರದ ಒಂದು ಅಧ್ಯಾಯ, ನಡುವಿನ ಒಂದು, ಕೊನೆಯದಕ್ಕೆ ಹತ್ತಿರದ ಒಂದು. ಮೂರರಲ್ಲೂ ವಿಷಯ ನಿಜವಾಗಿ ಶುರುವಾಗುವ ಹೊತ್ತು ಎಷ್ಟು, ಗುರುತು ತೋರಿಸುವ ಹೊತ್ತು ಎಷ್ಟು ಎಂದು ಬರೆದುಕೊಳ್ಳಿ. ಈ ಅಳತೆಯನ್ನು ಮೊಬೈಲ್ ಪ್ಲೇಯರ್‌ನಲ್ಲಿ ಮಾಡಬೇಡಿ. ಆಡಾಸಿಟಿಯಂಥ ಎಡಿಟರ್‌ನಲ್ಲಿ ತೆರೆದು ಮಾಡಿ. ಎಡಿಟರ್ ಇಡೀ ಕಡತವನ್ನು ಬಿಚ್ಚಿ ಓದುವುದರಿಂದ ಅದು ತೋರಿಸುವ ಹೊತ್ತೇ ನಿಜವಾದ ಹೊತ್ತು. ಪ್ಲೇಯರ್ ಎಷ್ಟೋ ಸಲ ಅಂದಾಜಿನ ಮೇಲೆ ಜಿಗಿಯುತ್ತದೆ.

ಅಂತರ ಮೂರು ಕಡೆಯೂ ಒಂದೇ ಆಗಿದ್ದರೆ, ಗುರುತು ಹಾಕಿದ ಮೇಲೆ ಯಾರೋ ಕಡತದ ಆರಂಭವನ್ನು ಕತ್ತರಿಸಿದ್ದಾರೆ ಎಂದರ್ಥ. ಮೈಕ್ ಪರೀಕ್ಷೆ, ಕುರ್ಚಿ ಎಳೆದ ಸದ್ದು ತೆಗೆದಿರುತ್ತಾರೆ, ಗುರುತಿನ ಪಟ್ಟಿ ಹಳೆಯದೇ ಉಳಿದಿರುತ್ತದೆ. ಅಂತರ ಒಂದು ಹಂತದವರೆಗೆ ಒಂದಿದ್ದು, ಆಮೇಲೆ ಏಕಾಏಕಿ ಹಾರಿ ಅಲ್ಲೇ ನಿಂತರೆ ನಡುವಿನ ವಿರಾಮವನ್ನು ಕತ್ತರಿಸಲಾಗಿದೆ. ಸಣ್ಣಗೆ ಶುರುವಾಗಿ ಬೆಳೆಯುತ್ತಲೇ ಹೋದರೆ ಮೌನವನ್ನು ತಾನಾಗಿ ಕುಗ್ಗಿಸುವ ಫಿಲ್ಟರ್ ಓಡಿದೆ, ಇಲ್ಲವೇ ವೇಗ ಬದಲಾಗಿದೆ. ಇನ್ನು ಎಡಿಟರ್‌ನಲ್ಲಿ ಎಲ್ಲವೂ ಸರಿಯಿದ್ದು ಪ್ಲೇಯರ್‌ನಲ್ಲಿ ಮಾತ್ರ ತಪ್ಪಿದ್ದರೆ ಗುರುತುಗಳನ್ನು ಮುಟ್ಟಲೇಬೇಡಿ. ದೋಷ ಬೇರೆ ಕಡೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಲೆಕ್ಕ ಹಿಡಿದು ನೋಡೋಣ. ಖಗೋಳ ವಿಜ್ಞಾನದ ಒಂದು ಸರಣಿಯ ಏಳನೇ ಉಪನ್ಯಾಸ ಎಂದುಕೊಳ್ಳಿ. ಮೂಲ ಧ್ವನಿಮುದ್ರಣ 1:45:07, ಈಗಿರುವ ಕಡತ 1:32:00. ಎರಡನೇ ಅಧ್ಯಾಯದ ಗುರುತು ವಿಷಯ ಶುರುವಾದ 1 ನಿಮಿಷ 47 ಸೆಕೆಂಡಿನ ನಂತರ ಬೀಳುತ್ತಿದೆ. ನಾಲ್ಕನೆಯದೂ ಅಷ್ಟೇ. ಏಳನೆಯದು ಮಾತ್ರ 13 ನಿಮಿಷ 7 ಸೆಕೆಂಡು ತಡ. ಈ ಎರಡರ ವ್ಯತ್ಯಾಸ 11 ನಿಮಿಷ 20 ಸೆಕೆಂಡು. ಅಂದರೆ ಆರಂಭದಲ್ಲಿ 107 ಸೆಕೆಂಡು, ನಡುವೆ 680 ಸೆಕೆಂಡು ಹೋಗಿದೆ. ಒಟ್ಟು 787 ಸೆಕೆಂಡು, ಹಳೆಯ ಮತ್ತು ಹೊಸ ಅವಧಿಗಳ ವ್ಯತ್ಯಾಸವೂ ಅಷ್ಟೇ. ಲೆಕ್ಕ ಹೀಗೆ ಕೂಡಿಬಂದರೆ ಬೇರೆ ಕಡೆ ಕತ್ತರಿ ಬಿದ್ದಿಲ್ಲ ಎಂಬ ಭರವಸೆ ಸಿಗುತ್ತದೆ. ಕೂಡಿಬರದಿದ್ದರೆ ಕೊನೆಯಲ್ಲೂ ಏನೋ ಕತ್ತರಿಸಿದ್ದಾರೆ, ಅಥವಾ ಇನ್ನೊಂದು ಕಡಿತವನ್ನು ನೀವು ಗಮನಿಸಿಲ್ಲ.

ಈಗ `ffmpeg` ಎಂಬ ಆಜ್ಞಾಸಾಲಿನ ಉಪಕರಣದಿಂದ ಗುರುತುಗಳನ್ನು ಪಠ್ಯ ಕಡತವಾಗಿ ಹೊರತೆಗೆಯಬೇಕು.

```
ffmpeg -i 07.mp3 -f ffmetadata 07.txt
```

ಒಳಗೆ ಪ್ರತಿ ಅಧ್ಯಾಯವೂ ಹೀಗಿರುತ್ತದೆ:

```
[CHAPTER]
TIMEBASE=1/1000
START=3800000
END=4415000
title=ನಕ್ಷತ್ರಗಳ ಬಣ್ಣ ಮತ್ತು ತಾಪಮಾನ
```

`TIMEBASE=1/1000` ಎಂದರೆ ಕೆಳಗಿನ ಅಂಕಿಗಳು ಮಿಲಿಸೆಕೆಂಡಿನಲ್ಲಿವೆ. ಬೇರೆ ಬಗೆಯ ಕಡತಗಳಲ್ಲಿ ಈ ಸಾಲು ಬೇರೆ ಇರಬಹುದು, ಕಳೆಯುವ ಮುನ್ನ ಒಮ್ಮೆ ನೋಡಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ವಿರಾಮ ಮೂಲ ಧ್ವನಿಮುದ್ರಣದ 52:00ಕ್ಕೆ ಶುರುವಾಗಿ 63:20ಕ್ಕೆ ಮುಗಿದಿತ್ತು. ಮೇಲಿನ ಅಧ್ಯಾಯ ವಿರಾಮ ಮುಗಿದ ಕೂಡಲೇ ಬರುವಂಥದ್ದು. ಎಲ್ಲ ಅಂಕಿಗಳಿಂದ 107000 ಕಳೆಯಬೇಕು, ವಿರಾಮದ ನಂತರದವುಗಳಿಂದ ಮತ್ತೆ 680000.

```
awk -F= -v OFS='=' '/^(START|END)=/{
  t=$2+0; $2=t-107000
  if (t>=3800000) $2-=680000
  if ($2<0) $2=0
}1' 07.txt > 07-new.txt
```

ಇಲ್ಲಿ ಎಡವುವ ಜಾಗ ಒಂದಿದೆ. ಗಡಿಯಾಗಿ ವಿರಾಮದ ಆರಂಭವನ್ನು, ಅಂದರೆ 3120000 ಅನ್ನು ಹಾಕಬೇಕೆಂದು ತೋಚುತ್ತದೆ. ಹಾಗೆ ಹಾಕಿದರೆ ವಿರಾಮಕ್ಕೆ ಮುಂಚಿನ ಅಧ್ಯಾಯದ `END` ಎರಡು ಬಾರಿ ಕಳೆದುಹೋಗಿ 2333000ಕ್ಕೆ ಇಳಿಯುತ್ತದೆ, ಆ ಅಧ್ಯಾಯ ಶುರುವಾಗುವ ಮೊದಲೇ ಮುಗಿದಂತೆ ಆಗಬಹುದು. ಗಡಿ ವಿರಾಮದ ಅಂತ್ಯದಲ್ಲೇ ಇರಬೇಕು. ಆಗ ಹಿಂದಿನದರ `END`, ಮುಂದಿನದರ `START` ಎರಡೂ 3013000ಕ್ಕೆ, ಅಂದರೆ 50:13ಕ್ಕೆ ಬಂದು ಸೇರುತ್ತವೆ. ಕೊನೆಯ ಅಧ್ಯಾಯದ `END` 5520000 ಆಗಬೇಕು, ಅದು ಸರಿಯಾಗಿ 1:32:00. ವಿರಾಮದ ಒಳಗೇ ಒಂದು ಗುರುತಿದ್ದರೆ ಅದನ್ನು ಕೈಯಾರೆ ಅಳಿಸುವುದು ಒಳ್ಳೆಯದು.

ತಿದ್ದಿದ್ದನ್ನು ಮರಳಿ ಸೇರಿಸುವಾಗ ಧ್ವನಿಯನ್ನು ಮುಟ್ಟುವುದಿಲ್ಲ, ಇದ್ದಂತೆ ನಕಲಾಗುತ್ತದೆ:

```
ffmpeg -i 07.mp3 -i 07-new.txt -map 0 -map_metadata 1 \
  -map_chapters 1 -c copy -id3v2_version 3 out/07.mp3
```

`-map_metadata 1` ಇರುವುದರಿಂದ ಶೀರ್ಷಿಕೆ, ಉಪನ್ಯಾಸಕರ ಹೆಸರು ಎಲ್ಲವೂ ಪಠ್ಯ ಕಡತದಿಂದಲೇ ಬರುತ್ತವೆ. ಆ ಪಠ್ಯವನ್ನು ಹೊರತೆಗೆಯದೆ ನೀವೇ ಹೊಸದಾಗಿ ಬರೆದು, ಅದರಲ್ಲಿ ಅಧ್ಯಾಯಗಳನ್ನಷ್ಟೇ ಹಾಕಿದರೆ ಉಳಿದ ಟ್ಯಾಗ್‌ಗಳು ಅಳಿಸಿಹೋಗುತ್ತವೆ. ಅಧ್ಯಾಯದ ಹೆಸರಿನಲ್ಲಿ `=`, `;`, `#` ಬಂದರೆ ಅದಕ್ಕೆ ಮೊದಲು `\` ಹಾಕಬೇಕು. ಹಳೆಯ ಕಡತದ ಮೇಲೆಯೇ ಬರೆಯಲು ಹೋಗಬೇಡಿ, ಮೊದಲೇ ಮಾಡಿಟ್ಟ `out` ಎಂಬ ಬೇರೆ ಫೋಲ್ಡರ್‌ಗೆ ಬರೆಯಿರಿ. ಮುಗಿದ ಮೇಲೆ `ffprobe -v error -show_chapters out/07.mp3` ಎಂದು ಕೊಟ್ಟರೆ ಒಳಗೆ ಏನು ಕೂತಿದೆ ಎಂಬುದು ಕಾಣುತ್ತದೆ.

ಬೆಳೆಯುತ್ತಾ ಹೋಗುವ ಅಂತರಕ್ಕೆ ಇಷ್ಟು ಸುಲಭದ ದಾರಿ ಇಲ್ಲ. ವೇಗ ಬದಲಾಗಿದ್ದರೆ ಒಂದೇ ಅನುಪಾತದಿಂದ ಗುಣಿಸಿದರಾಯಿತು. ಮೌನ ಕುಗ್ಗಿಸಿದ ಕಡತದಲ್ಲಿ ಮಾತ್ರ ಅಂತರ ಎಲ್ಲಿ ಎಷ್ಟು ಬೆಳೆದಿದೆ ಎಂಬುದು ಮಾತಿನ ನಡಿಗೆಯನ್ನು ಅವಲಂಬಿಸಿರುತ್ತದೆ, ಅಲ್ಲಿ ಕಿವಿಯೇ ಗತಿ. ಆದ್ದರಿಂದ ಕೆಲಸದ ಕ್ರಮ ಮುಖ್ಯ. ಕತ್ತರಿಸುವುದು, ಮೌನ ತೆಗೆಯುವುದು, ಧ್ವನಿಮಟ್ಟ ಸರಿಮಾಡುವುದು ಎಲ್ಲ ಮೊದಲು ಆಗಿಹೋಗಲಿ, ಗುರುತು ಕೊನೆಗೆ. ಗುರುತು ಹಾಕಿದ ಕಡತವನ್ನು ಮತ್ತೆ ಎಡಿಟರ್‌ನಲ್ಲಿ ತೆರೆದು ಎಕ್ಸ್‌ಪೋರ್ಟ್ ಮಾಡಿದರೆ ಅನೇಕ ಎಡಿಟರ್‌ಗಳು ಗುರುತುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ.

ಪ್ಲೇಯರ್‌ನಲ್ಲಿ ಮಾತ್ರ ತಪ್ಪುವ ಪ್ರಕರಣಕ್ಕೆ ಬರೋಣ. ಬದಲಾಗುವ ಬಿಟ್‌ರೇಟಿನ ಎಂಪಿ3 ಕಡತದಲ್ಲಿ ಒಂದು ನಿಮಿಷಕ್ಕೆ ಇಷ್ಟೇ ಬೈಟ್ ಎಂಬ ಲೆಕ್ಕವಿಲ್ಲ. ಕಡತದ ಆರಂಭದಲ್ಲಿ ಕ್ಸಿಂಗ್ ಹೆಡರ್ ಎಂಬ ಸಣ್ಣ ಕೋಷ್ಟಕ ಇದ್ದರೆ ಪ್ಲೇಯರ್ ಅದನ್ನು ನೋಡಿ ಜಿಗಿಯುತ್ತದೆ. ಇಲ್ಲದಿದ್ದರೆ ಮೊದಲ ಕೆಲವು ಫ್ರೇಮ್‌ಗಳ ಬಿಟ್‌ರೇಟನ್ನೇ ಇಡೀ ಕಡತಕ್ಕೆ ಅನ್ವಯಿಸಿ ಅಂದಾಜು ಹಾಕುತ್ತದೆ. ಒಟ್ಟು ಅವಧಿಯೇ ತಪ್ಪಾಗಿ ಕಾಣುವುದು ಇದರ ಲಕ್ಷಣ. ಗುರುತು ಬದಲಿಸದೆ `-c copy` ಜತೆ ಒಮ್ಮೆ ಹಾಯಿಸಿದರೂ ಸಾಕು, `ffmpeg` ಹೆಡರನ್ನು ಹೊಸದಾಗಿ ಬರೆಯುತ್ತದೆ. ಆದರೂ ಆ ಕೋಷ್ಟಕದಲ್ಲಿರುವುದು ಬರೀ 100 ಬಿಂದುಗಳು. 1:32:00 ಅವಧಿಗೆ ಸುಮಾರು 55 ಸೆಕೆಂಡಿಗೊಂದು ಬಿಂದು. ನಡುವಿನದ್ದು ಮತ್ತೆ ಅಂದಾಜೇ, ಹಾಗಾಗಿ ಕೆಲವು ಸೆಕೆಂಡು ಆಚೀಚೆ ಆಗುವುದು ಸಹಜ. ಅದೂ ಬೇಡವೆಂದರೆ ಮೂಲ ವೇವ್ ಕಡತದಿಂದ ಸ್ಥಿರ ಬಿಟ್‌ರೇಟಿನಲ್ಲಿ ಎನ್‌ಕೋಡ್ ಮಾಡಿ. ಮಾತಿಗೆ ಮೊನೊ, 64 ಕೆಬಿಪಿಎಸ್ ಸಾಕು, ಇಷ್ಟು ಅವಧಿಗೆ 44 ಎಂಬಿ ಆಗುತ್ತದೆ. ಎಂಪಿ3ಯನ್ನೇ ಮತ್ತೆ ಎಂಪಿ3 ಮಾಡಿದರೆ ಗುಣಮಟ್ಟ ಇನ್ನೊಂದು ಹಂತ ಇಳಿಯುತ್ತದೆ.

ಟ್ಯಾಗ್‌ಗಳ ವಿಷಯದಲ್ಲಿ ಹೆಚ್ಚು ಕಾಡುವುದು ಸರಣಿ ಒಡೆದು ಎರಡು ಮೂರು ಆಲ್ಬಮ್‌ಗಳಾಗಿ ಕಾಣುವುದು. ಒಂದು ಕಾರಣ ಎಲ್ಲರಿಗೂ ಗೊತ್ತು: ಒಂದೆರಡು ಉಪನ್ಯಾಸ ಬೇರೆಯವರು ಕೊಟ್ಟಿದ್ದು, `Album Artist` ಖಾಲಿ ಬಿಟ್ಟಿರುವುದು. `Artist`ನಲ್ಲಿ ಆಯಾ ಉಪನ್ಯಾಸಕರು ಇರಲಿ, `Album Artist`ನಲ್ಲಿ ಇಡೀ ಸರಣಿಗೆ ಒಂದೇ ಹೆಸರು ಇರಲಿ. ಇನ್ನೊಂದು ಕಾರಣ ಕಣ್ಣಿಗೆ ಕಾಣುವಂಥದ್ದಲ್ಲ. ‘ಖಗೋಳ’ ಎಂಬಲ್ಲಿನ ‘ಗೋ’ದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ (U+0CCB) ಬರೆಯಬಹುದು, ಮೂರು ತುಂಡುಗಳಾಗಿಯೂ (U+0CC6, U+0CC2, U+0CD5) ಬರೆಯಬಹುದು. ಓದುವವರಿಗೆ ಎರಡೂ ಒಂದೇ, ಬೈಟ್‌ಗಳನ್ನು ಹೋಲಿಸುವ ಪ್ಲೇಯರ್‌ಗೆ ಎರಡು ಬೇರೆ ಆಲ್ಬಮ್. ಕೀಲಿಮಣೆಯಲ್ಲಿ ಟೈಪಿಸಿದ್ದು ಒಂದು ಬಗೆ, ಹಳೆಯ ಮ್ಯಾಕ್‌ನ ಕಡತದ ಹೆಸರಿನಿಂದ ಎತ್ತಿಕೊಂಡದ್ದು ಇನ್ನೊಂದು ಬಗೆ ಆಗಿರಬಹುದು. ಹೆಸರಿನ ಕೊನೆಯ ಖಾಲಿ ಜಾಗವೂ ಇದೇ ಕಿತಾಪತಿ ಮಾಡುತ್ತದೆ. ಯಾವ ಕಡತದಲ್ಲಿ ಯಾವ ಬಗೆ ಎಂದು ಹುಡುಕುತ್ತಾ ಕೂರಬೇಡಿ. `Mp3tag`ನಲ್ಲಿ 24 ಕಡತಗಳನ್ನೂ ಒಟ್ಟಿಗೆ ಆಯ್ದು ಆಲ್ಬಮ್ ಹೆಸರನ್ನು ಒಮ್ಮೆ ಅಳಿಸಿ ಮತ್ತೆ ಟೈಪಿಸಿ, ಎಲ್ಲಕ್ಕೂ ಒಂದೇ ಬೈಟ್ ಸರಣಿ ಬೀಳುತ್ತದೆ.

ಹಳೆಯ ಐಡಿ3ವಿ1 ಟ್ಯಾಗ್ ಉಳಿದಿದ್ದರೆ ಕಿತ್ತುಹಾಕಿ. ಅದರಲ್ಲಿ ಶೀರ್ಷಿಕೆಗೆ 30 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ‘ಉಪನ್ಯಾಸ’ ಎಂಬ ಒಂದೇ ಪದ 21 ಬೈಟ್ ತಿನ್ನುತ್ತದೆ, ಅದೂ ಕನ್ನಡವನ್ನು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾಡದೆ ಉಳಿಸಿದ್ದರೆ.

ಮುಖಚಿತ್ರಕ್ಕೆ ಚೌಕಾಕಾರದ 1000 ಪಿಕ್ಸೆಲ್‌ನ ಜೆಪೆಗ್ ಸಾಕು. ಪ್ರೊಗ್ರೆಸಿವ್ ಅಲ್ಲದ, ಆರ್‌ಜಿಬಿ ಬಣ್ಣದ್ದು ಇರಲಿ, ಸಣ್ಣ ಸಾಧನಗಳು ಉಳಿದ ಬಗೆಗಳನ್ನು ತೋರಿಸದೆ ಹೋಗಬಹುದು. 3 ಎಂಬಿಯ ಪಿಎನ್‌ಜಿ ಹಾಕಿದರೆ 24 ಕಡತಕ್ಕೆ ಅದೇ ಚಿತ್ರದ 72 ಎಂಬಿ ನಕಲು. ಮೇಲಾಗಿ ಟ್ಯಾಗ್ ಕಡತದ ತಲೆಯಲ್ಲಿರುವುದರಿಂದ ಜಾಲದಲ್ಲಿ ಕೇಳುವವರಿಗೆ ಧ್ವನಿಗಿಂತ ಮೊದಲು ಚಿತ್ರ ಇಳಿಯಬೇಕಾಗುತ್ತದೆ. ಹೊಸ ಚಿತ್ರ ಸೇರಿಸಿದರೂ ಹಳೆಯದೇ ಬರುತ್ತಿದ್ದರೆ ಎರಡು ಸಾಧ್ಯತೆ. ಹಳೆಯ ಚಿತ್ರವನ್ನು ಅಳಿಸದೆ ಹೊಸದನ್ನು ಸೇರಿಸಿದ್ದೀರಿ, ಪ್ಲೇಯರ್ ಮೊದಲನೆಯದನ್ನು ತೋರಿಸುತ್ತಿದೆ. ಇಲ್ಲವೇ ಕಡತ ಸರಿಯಾಗಿಯೇ ಇದೆ, ಪ್ಲೇಯರ್ ತನ್ನ ಕ್ಯಾಶ್‌ನಲ್ಲಿ ಉಳಿಸಿಕೊಂಡದ್ದನ್ನು ತೋರಿಸುತ್ತಿದೆ. ಆ ಕಡತವನ್ನು ಬೇರೊಂದು ಫೋಲ್ಡರ್‌ಗೆ ನಕಲಿಸಿ, ಆಲ್ಬಮ್ ಹೆಸರಿಗೆ ಒಂದಕ್ಷರ ಸೇರಿಸಿ ತೆರೆಯಿರಿ. ಹೊಸ ಚಿತ್ರ ಕಂಡರೆ ಕಡತವನ್ನು ಬಿಟ್ಟು ಕ್ಯಾಶ್ ಅಳಿಸಿ.